ಕಾರಿನ ಬ್ಯಾಟರಿ ತೆಗೆದು ಆರು ಸೂಪರ್‌ಕೆಪಾಸಿಟರ್ ಹಾಕಿದರೆ ನಡೆಯುತ್ತದಾ?

ಎರಡನೇಗೇರ್
ನನ್ನ ಹಳೇ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೊಂದು ಬ್ಯಾಟರಿ ಬೇಕಾಗುತ್ತಿದೆ. 45 ಆಂಪ್‌ಅವರ್‌ನ ಲೆಡ್ ಆಸಿಡ್. ಮೊನ್ನೆ ಮತ್ತೆ ಕೈಕೊಟ್ಟಿತು. ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಸದ್ದು.

ಒಂದು ವಿಡಿಯೋದಲ್ಲಿ ಒಬ್ಬರು ಬ್ಯಾಟರಿಯನ್ನೇ ತೆಗೆದು, 2.7 ವೋಲ್ಟಿನ 500 ಫ್ಯಾರಡ್ ಸೂಪರ್‌ಕೆಪಾಸಿಟರ್ ಆರನ್ನು ಸೀರೀಸ್‌ನಲ್ಲಿ ಜೋಡಿಸಿ ಕಾರು ಸ್ಟಾರ್ಟ್ ಮಾಡಿ ತೋರಿಸಿದರು. ಒಂದೇ ಏಟಿಗೆ ಹತ್ತಿತು. ನಾನೂ ಆರು ಸೆಲ್ ತರಿಸಿ ಇಟ್ಟಿದ್ದೇನೆ, ಇನ್ನೂ ಜೋಡಿಸಿಲ್ಲ. ಹತ್ತು ಲಕ್ಷ ಸಲ ಚಾರ್ಜ್ ಆಗಿ ಡಿಸ್ಚಾರ್ಜ್ ಆಗುತ್ತದಂತೆ. ಹಾಗಾದರೆ ಕಾರಿನ ಆಯುಷ್ಯ ಮುಗಿದರೂ ಇದು ಮುಗಿಯಲ್ಲ ಅಲ್ವಾ? ಯಾರಾದರೂ ಮಾಡಿ ನೋಡಿದ್ದೀರಾ?

ಮಿಂಚುಹುಳ
ಧೈರ್ಯವಾಗಿ ಹಾಕಿ ಬ್ರೋ. ಬ್ಯಾಟರಿ ಒಳಗೆ ಕೆಮಿಕಲ್ ರಿಯಾಕ್ಷನ್ ನಡೆಯುತ್ತದೆ, ಅದಕ್ಕೇ ಸವೆಯುತ್ತದೆ. ಕೆಪಾಸಿಟರ್‌ನಲ್ಲಿ ರಿಯಾಕ್ಷನ್ ಇಲ್ಲ, ಹಾಗಾಗಿ ಸವೆತ ಇಲ್ಲ. ಅದರ ಒಳಗಿನ ತಡೆಯೂ ಹೆಚ್ಚುಕಮ್ಮಿ ಸೊನ್ನೆ. ಬ್ಯಾಟರಿ ಅಂದರೆ ಬಾಯಿ ಚಿಕ್ಕದಿರುವ ದೊಡ್ಡ ಹಂಡೆ, ಸೂಪರ್‌ಕೆಪಾಸಿಟರ್ ಅಂದರೆ ಬಾಯಿ ಅಗಲ ಇರುವ ತಂಬಿಗೆ. ಸ್ಟಾರ್ಟ್ ಮಾಡಲು ಬೇಕಾದ್ದು ಒಂದೇ ಸಲ ಸುರಿಯುವ ನೀರು. ತಂಬಿಗೆ ಸಾಕು.

ಪಂಪ್‌ಮನೆ
ನಾನು ನೀರಿನ ಪಂಪಿನ ಕೆಪಾಸಿಟರ್ ಮೂರು ಸಲ ಬದಲಾಯಿಸಿದ್ದೇನೆ. ಪ್ರತಿ ಸಲವೂ ಉಬ್ಬಿ ಹೋಗಿತ್ತು. ಕೆಪಾಸಿಟರ್ ಬ್ಯಾಟರಿಗಿಂತ ಬಾಳಿಕೆ ಅಂತ ಹೇಳುವವರನ್ನು ನಂಬಬೇಡಿ. 450 ವೋಲ್ಟ್ ಅಂತ ಬರೆದಿರುವುದೇ ನಿಲ್ಲಲ್ಲ, ನಿಮ್ಮದು ಬರೀ 2.7 ವೋಲ್ಟ್.

ಹಳೆಮೀಟರ್
ಪಂಪ್‌ಮನೆಯವರೇ, ನೀವು ಹೇಳುತ್ತಿರುವುದು ಬೇರೆ ಜಾತಿ. ಅದು ಮೈಕ್ರೋಫ್ಯಾರಡ್ ಲೆಕ್ಕದ್ದು, ಮೋಟರಿಗೆ ಎಸಿ ಕರೆಂಟನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಕೊಡಲು ಇರುವುದು. ಶಕ್ತಿ ಕೂಡಿಡುವುದು ಅದರ ಕೆಲಸ ಅಲ್ಲ. ಇಲ್ಲಿ ಮಾತು ನೂರಾರು ಫ್ಯಾರಡ್‌ನದು.

ಎರಡನೇಗೇರ್ ಅವರೇ, ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. ಆ ವಿಡಿಯೋದಲ್ಲಿ ಕಾರು ಎಷ್ಟು ಹೊತ್ತು ನಿಂತಿತ್ತು? ಕೆಪಾಸಿಟರ್ ಚಾರ್ಜ್ ಮಾಡಿದ ಎಷ್ಟು ಹೊತ್ತಿಗೆ ಸೆಲ್ಫ್ ಹೊಡೆದರು?

ಎರಡನೇಗೇರ್
ಚಾರ್ಜ್ ಮಾಡಿದ ಕೂಡಲೇ ಅನಿಸುತ್ತದೆ ಸರ್. ಆಮೇಲೆ ಎರಡು ಮೂರು ಸಲ ಆಫ್ ಮಾಡಿ ಆನ್ ಮಾಡಿದರು, ಎಲ್ಲ ಸಲವೂ ಹತ್ತಿತು.

ಹಳೆಮೀಟರ್
ಅಲ್ಲೇ ಇರುವುದು ಗುಟ್ಟು. ವಿಡಿಯೋ ಸುಳ್ಳಲ್ಲ. ಕ್ಯಾಮೆರಾ ಬೇಗ ಆಫ್ ಆಯಿತು, ಅಷ್ಟೇ.

ಲೆಕ್ಕ ಹಾಕೋಣ. 500 ಫ್ಯಾರಡ್‌ನ ಆರು ಸೆಲ್ ಸೀರೀಸ್‌ನಲ್ಲಿ ಹಾಕಿದರೆ ವೋಲ್ಟೇಜ್ ಕೂಡುತ್ತದೆ, ಫ್ಯಾರಡ್ ಆರರಲ್ಲಿ ಒಂದು ಪಾಲಾಗುತ್ತದೆ. ಅಂದರೆ ಸುಮಾರು 83 ಫ್ಯಾರಡ್. ಇಂಜಿನ್ ಆಫ್ ಮಾಡಿದ ಕ್ಷಣಕ್ಕೆ ಅದರ ಮೇಲೆ 14 ವೋಲ್ಟ್ ಇದೆ ಅಂತ ಇಟ್ಟುಕೊಳ್ಳಿ.

ಸೆಲ್ಫ್ ಮೋಟರ್ ತಿರುಗುವಾಗ 150 ಆಂಪ್ ಎಳೆಯುತ್ತದೆ ಅನ್ನೋಣ. ಮೊದಲ ಗಳಿಗೆಯಲ್ಲಿ ಇದಕ್ಕಿಂತ ತುಂಬಾ ಜಾಸ್ತಿ, ಆಮೇಲೆ ಇಳಿಯುತ್ತದೆ, ಅದನ್ನು ಸದ್ಯ ಬಿಡಿ. ಒಂದೊಂದು ಸೆಲ್‌ನ ಒಳತಡೆ 2 ಮಿಲಿಓಮ್ ಇದ್ದರೆ ಆರಕ್ಕೆ 12. ಮಿಂಚುಹುಳ ಅವರು ಸೊನ್ನೆ ಅಂದರಲ್ಲ, ಅದೇ 12 ಮಿಲಿಓಮ್ 150 ಆಂಪಿಗೆ 1.8 ವೋಲ್ಟ್ ತಿಂದುಹಾಕುತ್ತದೆ. ಮೋಟರ್ ಚೆನ್ನಾಗಿ ತಿರುಗಲು, ಕಾರಿನ ಕಂಪ್ಯೂಟರ್ ಎಚ್ಚರವಾಗಿರಲು ಟರ್ಮಿನಲ್‌ನಲ್ಲಿ 9 ವೋಲ್ಟ್ ಬೇಕು ಅಂತಾದರೆ, ಕೆಪಾಸಿಟರ್ ಒಳಗೆ 10.8 ಇರಬೇಕು. ಅಂದರೆ ನಮ್ಮ ಕೈಯಲ್ಲಿ ಇರುವುದು 14ರಿಂದ 10.8ರವರೆಗಿನ 3.2 ವೋಲ್ಟ್ ಮಾತ್ರ.

```
t = C × ΔV / I
t = 83 × 3.2 / 150 = 1.77 s
```

ಪೌನೆ ಎರಡು ಸೆಕೆಂಡ್. ಬಿಸಿ ಇರುವ ಪೆಟ್ರೋಲ್ ಇಂಜಿನ್ ಒಂದು ಸೆಕೆಂಡ್ ಒಳಗೆ ಹತ್ತಿಬಿಡುತ್ತದೆ. ಹತ್ತಿದ ಕೂಡಲೇ ಆಲ್ಟರ್ನೇಟರ್ ಮತ್ತೆ ತುಂಬಿಸುತ್ತದೆ. ವಿಡಿಯೋದಲ್ಲಿ ಮೂರು ಸಲ ಹತ್ತಿದ್ದು ಹಾಗೆ.

ಈಗ ಕಾರು ನಿಲ್ಲಿಸಿ ಊಟಕ್ಕೆ ಹೋಗಿ. ಬೀಗ ಹಾಕಿ ನಿಂತ ಕಾರೂ ಅಲಾರ್ಮ್, ಗಡಿಯಾರ, ಕಂಪ್ಯೂಟರ್ ಅಂತ 30 ಮಿಲಿಆಂಪ್ ಎಳೆಯುತ್ತಿರುತ್ತದೆ. ಅದೇ ಲೆಕ್ಕದಲ್ಲಿ 150ರ ಜಾಗದಲ್ಲಿ 0.03 ಹಾಕಿ. ಸುಮಾರು 8,850 ಸೆಕೆಂಡ್ ಬರುತ್ತದೆ. ಎರಡೂವರೆ ಗಂಟೆ. ಸಿನಿಮಾ ನೋಡಿ ಬಂದರೆ ಕಾರು ಸ್ಟಾರ್ಟ್ ಆಗಲ್ಲ.

ನಿಮ್ಮ 45 ಆಂಪ್‌ಅವರ್ ಬ್ಯಾಟರಿಯಿಂದ ಅದೇ 30 ಮಿಲಿಆಂಪ್ ಎಳೆದರೆ ಅರ್ಧ ಖಾಲಿಯಾಗಲು ಒಂದು ತಿಂಗಳು ಬೇಕು.

ಮಿಂಚುಹುಳ
ಸರ್, ಒಂದು ತಿಂಗಳು ಎಲ್ಲಿ, ಎರಡೂವರೆ ಗಂಟೆ ಎಲ್ಲಿ! ಇಷ್ಟೊಂದು ವ್ಯತ್ಯಾಸ ಹೇಗೆ? 500 ಫ್ಯಾರಡ್ ಅಂದರೆ ದೊಡ್ಡದೇ ಅಲ್ವಾ?

ಹಳೆಮೀಟರ್
ದೊಡ್ಡದೇ, ಕೆಪಾಸಿಟರ್‌ಗಳ ನಡುವೆ. ನಿಮ್ಮ ತಂಬಿಗೆಯ ಹೋಲಿಕೆ ಚೆನ್ನಾಗಿದೆ, ಆದರೆ ತಂಬಿಗೆ ಎಷ್ಟು ಚಿಕ್ಕದು ಅಂತ ನೀವು ಹೇಳಲಿಲ್ಲ. 14.4 ವೋಲ್ಟಿಗೆ ತುಂಬಿದ ಆ 83 ಫ್ಯಾರಡ್‌ನಲ್ಲಿ ಇರುವ ಒಟ್ಟು ಶಕ್ತಿ 2.4 ವಾಟ್‌ಅವರ್. ಬ್ಯಾಟರಿಯಲ್ಲಿ 540. ಇನ್ನೂರು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ವಿಷಯ ಆ ಹೋಲಿಕೆಯಲ್ಲಿ ಬರಲ್ಲ. ಬ್ಯಾಟರಿ ಅರ್ಧ ಖಾಲಿಯಾದರೂ ವೋಲ್ಟೇಜ್ 12ರ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಒಳಗಿನ ವಸ್ತುವೇ ಆ ವೋಲ್ಟೇಜನ್ನು ಹಿಡಿದಿಡುತ್ತದೆ. ಕೆಪಾಸಿಟರ್‌ನಲ್ಲಿ ಅಯಾನುಗಳು ಇಂಗಾಲದ ಮೇಲ್ಮೈಗೆ ಸುಮ್ನೆ ಅಂಟಿಕೊಂಡಿರುತ್ತವೆ. ಒಂದಿಷ್ಟು ಬಿಟ್ಟರೆ ಒಂದಿಷ್ಟು ವೋಲ್ಟೇಜ್ ಇಳಿಯುತ್ತದೆ, ನೇರ ಗೆರೆ ಎಳೆದ ಹಾಗೆ. ಅರ್ಧ ವೋಲ್ಟೇಜಿಗೆ ಬಂದಾಗ ಮುಕ್ಕಾಲು ಶಕ್ತಿ ಆಗಲೇ ಹೋಗಿರುತ್ತದೆ. ಕಾರಿನಲ್ಲಿ ಅರ್ಧದವರೆಗೆ ಇಳಿಸಲೂ ಆಗಲ್ಲ. 10.8ರ ಕೆಳಗೆ ಉಳಿದಿರುವ ಅರ್ಧಕ್ಕಿಂತ ಜಾಸ್ತಿ ಶಕ್ತಿ ಅಲ್ಲೇ ಕೂತಿರುತ್ತದೆ, ಸೆಲ್ಫ್ ಮೋಟರಿಗೆ ಅದು ಇದ್ದೂ ಇಲ್ಲದ ಹಾಗೆ.

ರಾತ್ರಿಪಾಳಿ
ಕಾರಿನ ಮಾತಿನ ನಡುವೆ ನನ್ನದೊಂದು. ಕರೆಂಟ್ ಹೋದಾಗ ರೂಟರ್ ಆಫ್ ಆಗಬಾರದು ಅಂತ ಇದೇ ಥರ ಆರು ಸೆಲ್ ಜೋಡಿಸಿದ್ದೆ. 12 ವೋಲ್ಟ್, 1 ಆಂಪ್ ರೂಟರ್. ನೇರವಾಗಿ ಕೊಟ್ಟಾಗ ಮೂರು ನಿಮಿಷವೂ ನಿಲ್ಲಲಿಲ್ಲ. ಆಮೇಲೆ ಮಧ್ಯದಲ್ಲಿ 6 ವೋಲ್ಟ್‌ವರೆಗೂ ಎಳೆದುಕೊಂಡು 12 ಮಾಡಿ ಕೊಡುವ ಕನ್ವರ್ಟರ್ ಬೋರ್ಡ್ ಹಾಕಿದೆ. ಎಂಟು ನಿಮಿಷ ಬಂತು. ಕೊನೆಗೆ ಬೇಜಾರಾಗಿ ಮೂರು ಲಿಥಿಯಂ ಸೆಲ್ ಇರುವ ಚಿಕ್ಕ ಡಬ್ಬಿ ತಂದಿಟ್ಟೆ, ಎರಡೂವರೆ ಗಂಟೆ ಆರಾಮಾಗಿ ನಡೆಯುತ್ತದೆ. ಹಳೆಮೀಟರ್ ಸರ್ ಹೇಳಿದ ಆ ಕೆಳಗೆ ಕೂತ ಶಕ್ತಿ ಏನು ಅಂತ ಈಗ ಅರ್ಥ ಆಯಿತು.

ಎರಡನೇಗೇರ್
ಅಯ್ಯೋ. ಆದರೆ ನನ್ನ ಮುಖ್ಯ ಆಸೆ ಬಾಳಿಕೆ. ಹತ್ತು ಲಕ್ಷ ಸಲ ಅನ್ನುವುದಾದರೂ ನಿಜ ತಾನೇ? ದೊಡ್ಡ ಸೆಲ್, 3000 ಫ್ಯಾರಡ್‌ನದ್ದು ಹಾಕಿದರೆ?

ಸುತ್ತುದಾರಿ
3000 ಫ್ಯಾರಡ್ ಆರು ಸೆಲ್ ಅಂದರೆ 500 ಫ್ಯಾರಡ್. ಎರಡೂವರೆ ಗಂಟೆ ಇದ್ದದ್ದು ಹದಿನೈದು ಗಂಟೆ ಆಗುತ್ತದೆ. ತೂಕ ಮೂರು ಕೆಜಿ ಚಿಲ್ಲರೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆಗೆಯಬಹುದು, ಶನಿವಾರ ನಿಲ್ಲಿಸಿ ಸೋಮವಾರ ಆಗಲ್ಲ.

ಬಾಳಿಕೆಯ ಬಗ್ಗೆ ನನಗೊಂದು ಅನುಮಾನ ಇದೆ. ಒಂದು ಸಲ ಸೆಲ್ಫ್ ಹೊಡೆದರೆ 150 ಆಂಪ್, ಒಂದು ಸೆಕೆಂಡ್. ಅದು 0.04 ಆಂಪ್‌ಅವರ್. 45ರಲ್ಲಿ ಅದು ಶೇಕಡಾ 0.1 ಕೂಡ ಬರಲ್ಲ. ಇಷ್ಟು ಸಣ್ಣ ಚಿಟಿಕೆ ತೆಗೆದರೆ ಬ್ಯಾಟರಿ ಯಾಕೆ ಸಾಯಬೇಕು? ನಿಮ್ಮ ಬ್ಯಾಟರಿ ಚಾರ್ಜ್ ಡಿಸ್ಚಾರ್ಜ್ ಸೈಕಲ್ ಮುಗಿದು ಸತ್ತಿದ್ದಲ್ಲ ಅಂತ ನನಗನಿಸುತ್ತದೆ.

ಹಳೆಮೀಟರ್
ಸುತ್ತುದಾರಿ ಅವರು ಸರಿಯಾದ ಕಡೆ ಕೈ ಇಟ್ಟರು. ಸ್ಟಾರ್ಟ್ ಮಾಡುವ ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಸಾಯುವುದು ಎರಡು ಕಾರಣಕ್ಕೆ. ಒಂದು ಬಿಸಿ, ಅದರಿಂದ ಒಳಗಿನ ಸೀಸದ ಜಾಲರಿ ಸವೆಯುತ್ತದೆ. ಎರಡನೆಯದು ಪೂರ್ತಿ ಚಾರ್ಜ್ ಆಗದೆ ದಿನಗಟ್ಟಲೆ ಹಾಗೇ ಕೂರುವುದು. ಆಗ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗಲ್ಲ.

ಸೈಕಲ್ ಲೆಕ್ಕ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂದರೆ, ನಿಮಿಷಕ್ಕೊಮ್ಮೆ ತುಂಬಿ ಖಾಲಿ ಆಗುವ ಜಾಗದಲ್ಲಿ. 2006ರಲ್ಲಿ ಶಾಂಘೈನಲ್ಲಿ ಸೂಪರ್‌ಕೆಪಾಸಿಟರ್ ಬಸ್ಸು ಬಂತು, ನಿಲ್ದಾಣದಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜ್ ಮಾಡಿಕೊಂಡು ಮುಂದಿನ ನಿಲ್ದಾಣಗಳ ಕಡೆ ಹೊರಡುತ್ತಿತ್ತು. ಅಲ್ಲಿ ಲಕ್ಷಗಟ್ಟಲೆ ಸೈಕಲ್ ನಿಜವಾಗಿಯೂ ಬೇಕು. ನಿಮ್ಮ ಕಾರಿನಲ್ಲಿ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿದರೂ ಹತ್ತು ಲಕ್ಷ ಮುಟ್ಟಲು 270 ವರ್ಷ ಬೇಕು. ಅಷ್ಟರಲ್ಲಿ ಬಿಸಿ ಅದನ್ನು ಮುಗಿಸಿರುತ್ತದೆ.

ಈ ಸೆಲ್‌ಗಳ ಡೇಟಾಶೀಟ್‌ನಲ್ಲಿ ಹತ್ತು ಲಕ್ಷದ ಪಕ್ಕದಲ್ಲೇ ಇನ್ನೊಂದು ಸಾಲು ಇರುತ್ತದೆ, ಯಾರೂ ಓದಲ್ಲ. 65 ಡಿಗ್ರಿಯಲ್ಲಿ, ಪೂರ್ತಿ 2.7 ವೋಲ್ಟ್ ಹಾಕಿ ಇಟ್ಟರೆ ಬಾಳಿಕೆ 1,500 ಗಂಟೆ. ಎಷ್ಟೋ ಸೆಲ್‌ಗಳಿಗೆ ಇದೇ ಅಂಕಿ. ಬರೀ ಎರಡು ತಿಂಗಳು! ಒರಟು ಲೆಕ್ಕ ಏನೆಂದರೆ, 10 ಡಿಗ್ರಿ ಕಮ್ಮಿಯಾದರೆ ಬಾಳಿಕೆ ದುಪ್ಪಟ್ಟು, 0.1 ವೋಲ್ಟ್ ಕಮ್ಮಿ ಇಟ್ಟರೆ ಮತ್ತೆ ದುಪ್ಪಟ್ಟು. ಆರು ಸೆಲ್ ಸಮನಾಗಿ 14.4 ವೋಲ್ಟ್ ಹಂಚಿಕೊಂಡರೆ ಒಂದಕ್ಕೆ 2.4, ಅಲ್ಲಿಗೆ 65 ಡಿಗ್ರಿಯಲ್ಲೂ 12,000 ಗಂಟೆ ಆಯಿತು. ಬಾನೆಟ್ ಒಳಗೆ ಇಡದೆ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇಟ್ಟರೆ ವರ್ಷಗಟ್ಟಲೆ ಬರುತ್ತದೆ.

ಬಾಳಿಕೆ ಮುಗಿಯಿತು ಅಂದರೆ ಏಕಾಏಕಿ ಸಾಯುವುದಲ್ಲ. ಫ್ಯಾರಡ್ ಐದರಲ್ಲಿ ಒಂದು ಪಾಲು ಇಳಿದಿರುತ್ತದೆ, ಇಲ್ಲವೇ ಒಳತಡೆ ಎರಡು ಪಟ್ಟು ಆಗಿರುತ್ತದೆ. ಸೆಲ್ಫ್ ಮೋಟರಿಗೆ ಹೊಡೆತ ಕೊಡುವುದು ಆ ಎರಡನೆಯದು.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಾರು ನಿಂತಾಗ ಎಷ್ಟು ಎಳೆಯುತ್ತದೆ ಅಂತ ಅಳೆಯಿರಿ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಮಧ್ಯದಲ್ಲಿ ಮಲ್ಟಿಮೀಟರ್ 10 ಆಂಪ್ ರೇಂಜಿನಲ್ಲಿ ಹಾಕಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಕಂಪ್ಯೂಟರ್ ನಿದ್ದೆಗೆ ಹೋದ ಮೇಲೆ ಬರುವ ಅಂಕಿಯೇ ನಿಜ. ಮೀಟರ್ ಹಾಗೇ ಇರುವಾಗ ಮರೆತು ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ನಾನು ಎರಡು ಸಲ ಹೀಗೆ ಕಳೆದುಕೊಂಡಿದ್ದೇನೆ.

ಎರಡನೇಗೇರ್
ಸರ್, ಅಳೆದೆ. ಮೊದಲು ಒಂದೂವರೆ ಆಂಪ್ ತೋರಿಸಿತು. ಅರ್ಧ ಗಂಟೆ ಆದ ಮೇಲೆ 210 ಮಿಲಿಆಂಪಿಗೆ ಬಂದು ನಿಂತಿತು, ಅದರಿಂದ ಕೆಳಗೆ ಇಳಿಯಲೇ ಇಲ್ಲ. ಫ್ಯೂಸ್ ಒಂದೊಂದೇ ಕೀಳುತ್ತಾ ಹೋದೆ. ಸ್ಟೀರಿಯೋದ ಫ್ಯೂಸ್ ಕಿತ್ತಾಗ ತಟ್ಟನೆ 25 ಆಯಿತು. ಹಳೇ ಸ್ಟೀರಿಯೋ ತೆಗೆಸಿ ಹೊಸದು ಹಾಕಿಸಿದ್ದೆ, ವೈರಿಂಗ್ ಎಲ್ಲೋ ಉಲ್ಟಾ ಮಾಡಿದ್ದಾರೆ ಅನಿಸುತ್ತದೆ. ಇನ್ನೊಂದು ಹೇಳಬೇಕು, ಈ ಕಾರು ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವುದು.

ಸುತ್ತುದಾರಿ
ಸಿಕ್ಕಿತಲ್ಲ ಕಳ್ಳ! 210 ಮಿಲಿಆಂಪ್ ಅಂದರೆ ದಿನಕ್ಕೆ 5 ಆಂಪ್‌ಅವರ್. ವಾರಕ್ಕೆ 35. ನಿಮ್ಮ 45ರಲ್ಲಿ ವಾರದ ಕೊನೆಗೆ ಉಳಿಯುವುದು ಹತ್ತು. ಆಮೇಲೆ ಅರ್ಧ ಗಂಟೆ ಓಡಿಸಿ ಮತ್ತೆ ನಿಲ್ಲಿಸುತ್ತೀರಿ. ಬ್ಯಾಟರಿ ಎರಡು ವರ್ಷ ಬಂದಿದ್ದೇ ದೊಡ್ಡದು ಮಾರಾಯ್ರೇ.

ಇದೇ 210ಕ್ಕೆ ನಿಮ್ಮ ಕೆಪಾಸಿಟರ್ ಲೆಕ್ಕ ಹಾಕಿ. ಇಪ್ಪತ್ತೊಂದು ನಿಮಿಷ. ಹಾಲು ತರಲು ಹೋದರೆ ಬೇಗ ಬೇಗ ವಾಪಸ್ ಬರಬೇಕು.

ಮಿಂಚುಹುಳ
ಸರಿ, ಪೂರ್ತಿ ಬದಲಿ ಆಗಲ್ಲ ಅಂತ ಒಪ್ಪಿದೆ. ಬ್ಯಾಟರಿ ಜೊತೆಗೆ ಪ್ಯಾರಲಲ್ ಹಾಕಬಹುದಲ್ಲ? ಚಿಕ್ಕ 7 ಆಂಪ್‌ಅವರ್ ಬ್ಯಾಟರಿ ಒಂದು, ಪಕ್ಕದಲ್ಲಿ ಕೆಪಾಸಿಟರ್. ನಿಂತಾಗಿನ ಕರೆಂಟ್ ಬ್ಯಾಟರಿ ನೋಡಿಕೊಳ್ಳಲಿ, ಸೆಲ್ಫ್ ಹೊಡೆಯುವಾಗಿನ ಏಟು ಕೆಪಾಸಿಟರ್ ತಡೆದುಕೊಳ್ಳಲಿ.

ಹಳೆಮೀಟರ್
ಇದು ಯೋಚಿಸುವಂಥ ಮಾತು. ಕಾರು ಕಂಪನಿಗಳೂ ಹೋದದ್ದು ಈ ದಾರಿಯಲ್ಲೇ. 2010ರಲ್ಲಿ ಸಿಟ್ರೋಯೆನ್‌ನ ಇ-ಎಚ್‌ಡಿಐ ಡೀಸೆಲ್ ಕಾರುಗಳು ಬಂದಾಗ ಸಿಗ್ನಲ್‌ನಲ್ಲಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಕೆಲಸಕ್ಕೆ ಸೂಪರ್‌ಕೆಪಾಸಿಟರ್ ಇಟ್ಟರು, ಬ್ಯಾಟರಿಯನ್ನೂ ಉಳಿಸಿಕೊಂಡರು.

ತುಂಬಾ ಚಳಿ ಇರುವ ಕಡೆ ಇದರಿಂದ ಲಾಭ ಎದ್ದು ಕಾಣುತ್ತದೆ. ಸೊನ್ನೆಗಿಂತ ಕೆಳಗೆ ಹೋದಂತೆ ಬ್ಯಾಟರಿಯ ಒಳಗಿನ ರಿಯಾಕ್ಷನ್ ನಿಧಾನವಾಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಇನ್ನೂ ಜಾಸ್ತಿ ಕೇಳುತ್ತದೆ. ಸೂಪರ್‌ಕೆಪಾಸಿಟರ್ ಮೈನಸ್ 40ರಲ್ಲೂ ಹೆಚ್ಚು ತೊಂದರೆ ಇಲ್ಲದೆ ಕರೆಂಟ್ ಕೊಡುತ್ತದೆ. ರಾತ್ರಿಯೆಲ್ಲ ಬ್ಯಾಟರಿ ನಿಧಾನವಾಗಿ ಅದನ್ನು ತುಂಬಿಟ್ಟಿರುತ್ತದೆ, ಬೆಳಿಗ್ಗೆ ಒಂದು ಏಟಿಗೆ ಅದು ಸುರಿಯುತ್ತದೆ.

ಪ್ಯಾರಲಲ್ ಹಾಕಿದ ಮೇಲೆ ಕರೆಂಟ್ ಹಂಚಿಕೆಯನ್ನು ನಾವು ತೀರ್ಮಾನಿಸಲ್ಲ, ಒಳತಡೆ ತೀರ್ಮಾನಿಸುತ್ತದೆ. ಚಿಕ್ಕ ಬ್ಯಾಟರಿಯ ತಡೆ ಜಾಸ್ತಿ, ಹಾಗಾಗಿ ಮೊದಲ ಏಟಿನ ಬಹುಪಾಲು ಕೆಪಾಸಿಟರ್‌ನಿಂದ ಬರುತ್ತದೆ. ಒಂದು ತೊಂದರೆ ಇದೆ, ಈಗ ಶುರುವಿನ ವೋಲ್ಟೇಜ್ 14 ಅಲ್ಲ, ಬ್ಯಾಟರಿಯ 12.7. ಅಲ್ಲಿಂದ 10.8ಕ್ಕೆ ಬರೀ 1.9 ವೋಲ್ಟ್ ಜಾಗ. ಬರೀ ಕೆಪಾಸಿಟರ್ ಲೆಕ್ಕದಲ್ಲಿ ಒಂದು ಸೆಕೆಂಡ್. ನಿಮ್ಮ ಇಂಜಿನ್ ಬೇಗ ಹತ್ತುವ ಜಾತಿಯದಾದರೆ ಸಾಕು.

ಜೋಡಿಸುವ ಮೊದಲು ಆ ಆರು ಸೆಲ್ ಅಳೆದು ನೋಡಿ. ಮೇಲೆ ಬರೆದ ಅಂಕಿಯನ್ನು ನಂಬಬೇಡಿ. 5 ಆಂಪ್ ಸ್ಥಿರವಾಗಿ ಕೊಡುವ ಪವರ್ ಸಪ್ಲೈ ಇದೆಯಾ?

ಎರಡನೇಗೇರ್
ಸ್ನೇಹಿತನ ಹತ್ತಿರ ಇದೆ. ಹೇಗೆ ಅಳೆಯುವುದು ಹೇಳಿ.

ಹಳೆಮೀಟರ್
ಸಪ್ಲೈಯನ್ನು 2.5 ವೋಲ್ಟಿಗಿಂತ ಒಂಚೂರು ಮೇಲೆ, 5 ಆಂಪಿಗೆ ಸೆಟ್ ಮಾಡಿ. ಮೀಟರಿನ ಕಡ್ಡಿಗಳನ್ನು ಸಪ್ಲೈ ವೈರಿನ ಮೇಲೆ ಇಡಬೇಡಿ, ನೇರವಾಗಿ ಸೆಲ್‌ನ ಕಾಲಿನ ಮೇಲೆ ಇಡಿ. ಕ್ಲಿಪ್ಪಿನ ತಡೆಯೇ ಸೆಲ್‌ನ ತಡೆಗಿಂತ ಜಾಸ್ತಿ ಇರುತ್ತದೆ. 0.5 ವೋಲ್ಟ್ ದಾಟಿದಾಗ ಗಡಿಯಾರ ಶುರು, 2.5 ಮುಟ್ಟಿದಾಗ ನಿಲ್ಲಿಸಿ. ಎರಡು ವೋಲ್ಟ್ ಏರಿಕೆ. ನಿಜವಾದ 500 ಫ್ಯಾರಡ್ ಆಗಿದ್ದರೆ 200 ಸೆಕೆಂಡ್ ಬರಬೇಕು.

2.5 ಮುಟ್ಟಿದ ತಕ್ಷಣ ಸಪ್ಲೈ ವೈರ್ ಕಿತ್ತು, ವೋಲ್ಟೇಜ್ ಆ ಕ್ಷಣಕ್ಕೆ ಎಷ್ಟು ಕುಸಿಯಿತು ಅಂತ ಬರೆದುಕೊಳ್ಳಿ. 10 ಮಿಲಿವೋಲ್ಟ್ ಕುಸಿದರೆ, 5 ಆಂಪಿಗೆ ಒಳತಡೆ 2 ಮಿಲಿಓಮ್.

ಎರಡನೇಗೇರ್
ಇವತ್ತು ಸಂಜೆ ಪೂರ್ತಿ ಇದೇ ಕೆಲಸ. ಐದು ಸೆಲ್ 172ರಿಂದ 178 ಸೆಕೆಂಡ್ ಒಳಗೆ ಬಂದವು. ಒಂದು ಮಾತ್ರ 131. ಅದರ ಕುಸಿತವೂ ಬೇರೆ ಥರ, ಉಳಿದವು ಹತ್ತು ಹನ್ನೆರಡು ಮಿಲಿವೋಲ್ಟ್, ಇದು 45. ಕೈಯಲ್ಲಿ ಹಿಡಿದು ನೋಡಿದರೆ ಅದರ ತಲೆ ಸ್ವಲ್ಪ ಉಬ್ಬಿದ ಹಾಗಿದೆ, ಉಳಿದವು ಚಪ್ಪಟೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣಲ್ಲ.

ಮಿಂಚುಹುಳ
ನನ್ನ ಹತ್ತಿರ ಒಂದು ಇತ್ತು, ನಾನೂ ಅಳೆದೆ. ವೈರ್ ಕಿತ್ತ ಮೇಲೆ ಹತ್ತು ನಿಮಿಷದಲ್ಲಿ 80 ಮಿಲಿವೋಲ್ಟ್ ಇಳಿಯಿತು. ಅಂದರೆ ನನ್ನದರ ತಡೆ 16 ಮಿಲಿಓಮ್?

ಹಳೆಮೀಟರ್
ಇಲ್ಲ ಇಲ್ಲ, ಆ ಹತ್ತು ನಿಮಿಷದ ಇಳಿತ ಬೇರೆ ಕಥೆ. ಇಂಗಾಲದಲ್ಲಿ ತುಂಬಾ ಸಣ್ಣ ತೂತುಗಳಿರುತ್ತವೆ. ಬೇಗ ಚಾರ್ಜ್ ಮಾಡಿದಾಗ ಮೇಲ್ಮೇಲಿನ ಜಾಗ ಮೊದಲು ತುಂಬುತ್ತದೆ. ನಿಲ್ಲಿಸಿದ ಮೇಲೆ ಚಾರ್ಜ್ ನಿಧಾನವಾಗಿ ಒಳಗಿನ ಮೂಲೆಗಳಿಗೆ ಹರಡುತ್ತದೆ, ವೋಲ್ಟೇಜ್ ಇಳಿಯುತ್ತದೆ. ಅದು ಸೋರಿಕೆಯೂ ಅಲ್ಲ, ತಡೆಯೂ ಅಲ್ಲ. ವೈರ್ ಕಿತ್ತ ಗಳಿಗೆಯ ಜಿಗಿತ ಮಾತ್ರ ಲೆಕ್ಕಕ್ಕೆ. ಅಂದ ಹಾಗೆ, ನನ್ನ ಎರಡೂವರೆ ಗಂಟೆಯ ಲೆಕ್ಕ ಉದಾರವಾಯಿತು ಅನ್ನುವುದಕ್ಕೂ ಇದೇ ಕಾರಣ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಈ ಹರಡುವಿಕೆಗೇ ಒಂದಿಷ್ಟು ವೋಲ್ಟ್ ಹೋಗುತ್ತದೆ.

ಎರಡನೇಗೇರ್ ಅವರೇ, ನಿಮ್ಮ ಐದು ಸೆಲ್ ಸುಮಾರು 437 ಫ್ಯಾರಡ್. ಬರೆದದ್ದಕ್ಕಿಂತ ಕಮ್ಮಿ, ಆದರೆ ಒಂದೇ ಸಮ ಇವೆ, ಅದು ಮುಖ್ಯ. ಆರನೆಯದು 328. ಅದನ್ನು ಈ ಸಾಲಿಗೆ ಸೇರಿಸಬೇಡಿ.

ಯಾಕೆ ಅಂದರೆ ಸೀರೀಸ್‌ನಲ್ಲಿ ಎಲ್ಲದರೊಳಗೂ ಒಂದೇ ಕರೆಂಟ್ ಹೋಗುತ್ತದೆ. ಚಿಕ್ಕದು ಬೇಗ ತುಂಬುತ್ತದೆ. ಖಾಲಿಯಿಂದ 14.4ಕ್ಕೆ ಏರಿಸಿದರೆ ಒಳ್ಳೆಯ ಐದರ ಮೇಲೆ 2.27 ವೋಲ್ಟ್ ಬರುತ್ತದೆ, ಕೆಟ್ಟದರ ಮೇಲೆ 3.03. ಅದರ ಮಿತಿಯೇ 2.7. ಮಿತಿ ಮೀರಿದರೆ ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ, ತಲೆ ಉಬ್ಬುತ್ತದೆ, ಫ್ಯಾರಡ್ ಇನ್ನೂ ಇಳಿಯುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿ ವೋಲ್ಟೇಜ್ ಅದರ ತಲೆ ಮೇಲೆ. ಕೊನೆಗೆ ತಲೆಯ ಗೆರೆ ಬಿಟ್ಟುಕೊಂಡು ವಾಸನೆ ಬರುತ್ತದೆ. ಎಷ್ಟೋ ಸೆಲ್‌ಗಳಲ್ಲಿ ಇರುವುದು ಅಸಿಟೋನೈಟ್ರೈಲ್. ಬೆಂಕಿ ಹಿಡಿಯುವ ದ್ರವ, ಆವಿಯೂ ವಿಷ.

ಸುತ್ತುದಾರಿ
ಬ್ಯಾಲೆನ್ಸ್ ಬೋರ್ಡ್ ಹಾಕಿದರೆ ಅದು ನೋಡಿಕೊಳ್ಳುತ್ತದೆ ಅಲ್ವಾ ಸರ್? ಸೆಲ್ 2.65 ದಾಟಿದರೆ ಕೆಂಪು ದೀಪ ಹತ್ತಿ, ಜಾಸ್ತಿ ಬಂದದ್ದನ್ನು ರೆಸಿಸ್ಟರ್‌ನಲ್ಲಿ ಸುಡುತ್ತದಲ್ಲ.

ಹಳೆಮೀಟರ್
ಹಾಕಬೇಕು, ಆದರೆ ಅದರಿಂದ ಜಾಸ್ತಿ ನಿರೀಕ್ಷೆ ಬೇಡ. ಆ ಬೋರ್ಡ್ ಸುಡಬಲ್ಲದ್ದು ಹೆಚ್ಚೆಂದರೆ ಒಂದು ಆಂಪ್ ಸುಮಾರು. ಇಳಿದ ಕೆಪಾಸಿಟರ್‌ಗೆ ಆಲ್ಟರ್ನೇಟರ್ 50, 60 ಆಂಪ್ ಸುರಿಯುವಾಗ ಅದು ಏನು ತಾನೇ ಮಾಡೀತು? ಒಂದೇ ಸಮ ಇರುವ ಸೆಲ್‌ಗಳ ನಡುವೆ ತಿಂಗಳುಗಟ್ಟಲೆ ಬೆಳೆಯುವ ಸಣ್ಣ ವ್ಯತ್ಯಾಸವನ್ನು ಸರಿಪಡಿಸಲು ಅದು ಇರುವುದು. ಕೆಟ್ಟ ಸೆಲ್ ಕಾಯಲು ಅಲ್ಲ.

ಬರೀ ರೆಸಿಸ್ಟರ್ ಹಾಕುವ ಹಳೇ ಪದ್ಧತಿಯೂ ಇದೆ. ಸೆಲ್‌ಗೆ 100 ಓಮ್ ಅಂತ ಹಾಕಿದರೆ 24 ಮಿಲಿಆಂಪ್ ಯಾವಾಗಲೂ ಸುರಿಯುತ್ತಿರುತ್ತದೆ. ಅಲ್ಲಿಗೆ ನೀವು ಸ್ಟೀರಿಯೋ ಫ್ಯೂಸ್ ಕಿತ್ತು ಉಳಿಸಿದ 25ರ ಪಕ್ಕದಲ್ಲಿ ಇನ್ನೊಂದು 24 ಕೂರುತ್ತದೆ.

ಎರಡನೇಗೇರ್
ಹಾಗಾದರೆ ಕೆಟ್ಟದ್ದನ್ನು ಬಿಟ್ಟು ಐದೇ ಸೆಲ್ ಹಾಕಿಬಿಡಲಾ? 2.7 ಇಂಟು ಐದು 13.5. ಬ್ಯಾಟರಿ 12.7 ತಾನೇ.

ಸುತ್ತುದಾರಿ
ಬೇಡ! ಇಂಜಿನ್ ಓಡುವಾಗ 14.4 ಬರುತ್ತದೆ. ಸೆಲ್‌ಗೆ 2.88. ಒಂದರ ಬದಲು ಐದೂ ಉಬ್ಬುತ್ತವೆ.

ಹಳೆಮೀಟರ್
ಹೌದು. ಇನ್ನೊಂದು ಸೆಲ್ ಹುಡುಕಿ, ಅಳೆದು, 430ರಿಂದ 445ರ ಒಳಗೆ ಬಂದರೆ ಮಾತ್ರ ಸೇರಿಸಿ. ಮೊದಲ ಸಲ ಬ್ಯಾಟರಿಗೆ ಜೋಡಿಸುವಾಗ ಖಾಲಿ ಕೆಪಾಸಿಟರನ್ನು ನೇರವಾಗಿ ಮುಟ್ಟಿಸಬೇಡಿ. ಖಾಲಿ ಕೆಪಾಸಿಟರ್ ಅಂದರೆ ಶಾರ್ಟ್ ಸರ್ಕ್ಯೂಟ್ ಇದ್ದ ಹಾಗೆ, ಕಿಡಿ ಹಾರಿ ಟರ್ಮಿನಲ್ ಕರಗುತ್ತದೆ. ಮಧ್ಯದಲ್ಲಿ 55 ವಾಟ್‌ನ ಹೆಡ್‌ಲೈಟ್ ಬಲ್ಬ್ ಇಡಿ. ಮೊದಲು ಜೋರಾಗಿ ಉರಿಯುತ್ತದೆ, ಆಮೇಲೆ ಕೆಂಪಾಗುತ್ತದೆ, ಕೆಲವು ನಿಮಿಷದಲ್ಲಿ ಆರುತ್ತದೆ. ಆಗ ಮೀಟರ್ ಇಟ್ಟು ಎರಡೂ ಕಡೆ ವೋಲ್ಟೇಜ್ ಹತ್ತಿರ ಬಂದಿದೆಯಾ ನೋಡಿ ಬಲ್ಬ್ ತೆಗೆಯಿರಿ. ತುಂಬಿದ ಮೇಲೆ ಸ್ಪ್ಯಾನರ್ ಕೈಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ಸಾವಿರ ಆಂಪ್ ಹರಿಯುತ್ತದೆ, ಆ ಸ್ಪ್ಯಾನರ್ ಅಲ್ಲೇ ಬೆಸುಗೆ ಆಗುತ್ತದೆ. ಮಧ್ಯದಲ್ಲಿ ದೊಡ್ಡ ಫ್ಯೂಸ್ ಹಾಕಿ.

ಸ್ಪಾರ್ಕ್‌ಪ್ಲಗ್
ಎಲ್ಲ ಓದಿದೆ. ನನ್ನ ಅಭಿಪ್ರಾಯ ಬೇರೆ. ಸ್ಟೀರಿಯೋ ವೈರಿಂಗ್ ಸರಿ ಮಾಡಿಸಿದರೆ ಸಾಮಾನ್ಯ ಬ್ಯಾಟರಿಯೇ ವರ್ಷಗಟ್ಟಲೆ ಬರುತ್ತದೆ. ಚಿಕ್ಕ ಬ್ಯಾಟರಿ, ಕೆಪಾಸಿಟರ್, ಬೋರ್ಡ್, ಫ್ಯೂಸ್ ಅಂತ ಕೆಡಬಹುದಾದ ಜಾಗಗಳನ್ನು ಒಂದರಿಂದ ಆರು ಮಾಡಿಕೊಳ್ಳುವುದು ಯಾಕೆ? ಅದೂ ವಾರಕ್ಕೊಮ್ಮೆ ತೆಗೆಯುವ ಕಾರಿಗೆ. 7 ಆಂಪ್‌ಅವರ್ ಬ್ಯಾಟರಿ 25 ಮಿಲಿಆಂಪಿಗೂ ವಾರಕ್ಕೆ 4 ಕಳೆದುಕೊಳ್ಳುತ್ತದೆ. ಅರ್ಧಕ್ಕಿಂತ ಜಾಸ್ತಿ! ಅದೇ ಸಲ್ಫೇಟ್ ಕಾಯಿಲೆ ಮತ್ತೆ.

ಮಿಂಚುಹುಳ
7ರ ಬದಲು 18 ಆಂಪ್‌ಅವರ್ ಹಾಕಲಿ. ಪ್ರತಿ ಸಲ ಸೆಲ್ಫ್ ಏಟು ಬೀಳದಿದ್ದರೆ ಬ್ಯಾಟರಿ ಜಾಸ್ತಿ ಬಾಳುತ್ತದೆ ಅಂತ ನಾನು ಈಗಲೂ ಹೇಳುತ್ತೇನೆ.

ಸ್ಪಾರ್ಕ್‌ಪ್ಲಗ್
ಮೇಲೆಯೇ ಲೆಕ್ಕ ಬಂತಲ್ಲ, ಒಂದು ಏಟಿಗೆ ಶೇಕಡಾ 0.1 ಕೂಡ ಇಲ್ಲ ಅಂತ. ಏಟಿನಿಂದ ಸಾಯುವುದಲ್ಲ.

ಹಳೆಮೀಟರ್
45ಕ್ಕೆ ಆ ಲೆಕ್ಕ ಸರಿ. 18ಕ್ಕೆ 150 ಆಂಪ್ ಅಂದರೆ ಏಟು ದೊಡ್ಡದೇ, ಅಲ್ಲಿ ಕೆಪಾಸಿಟರ್ ಸ್ವಲ್ಪ ಕಾಪಾಡುತ್ತದೆ. ಎಷ್ಟು ಅಂತ ಕೇಳಿದರೆ, ಎರಡು ಒಂದೇ ಥರದ ಕಾರಿನಲ್ಲಿ ಮೂರು ವರ್ಷ ಓಡಿಸಿ ನೋಡಿದವರೇ ಹೇಳಬೇಕು. ವಾರಕ್ಕೊಮ್ಮೆ ಓಡುವ ಕಾರಿಗೆ ನಾನಾದರೆ ಸ್ಪಾರ್ಕ್‌ಪ್ಲಗ್ ಅವರ ದಾರಿ ಹಿಡಿಯುತ್ತೇನೆ. ಮನೆಯಲ್ಲಿ ಒಂದು ಸಣ್ಣ ಚಾರ್ಜರ್ ಇಟ್ಟುಕೊಂಡು ಆಗಾಗ ಬ್ಯಾಟರಿಗೆ ಪೂರ್ತಿ ಚಾರ್ಜ್ ಕೊಡುತ್ತೇನೆ.

ಪಂಪ್‌ಮನೆ
ಉಬ್ಬುತ್ತದೆ ಅಂತ ನಾನು ಮೊದಲೇ ಹೇಳಿದ್ದೆ.

ಎರಡನೇಗೇರ್
ಪಂಪ್‌ಮನೆಯವರೇ, ಅದೊಂದು ನಿಜ ಆಯಿತು!

ಇವತ್ತು ಸ್ಟೀರಿಯೋ ಬಿಚ್ಚಿದೆ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರಬೇಕಾದ ವೈರನ್ನೂ ಯಾವಾಗಲೂ ಬರುವ ವೈರನ್ನೂ ಒಟ್ಟಿಗೆ ಸೇರಿಸಿ ಟೇಪ್ ಸುತ್ತಿದ್ದಾರೆ. ಬೇರೆ ಮಾಡಿದ ಮೇಲೆ ನಿಂತಾಗಿನ ಕರೆಂಟ್ 27 ಮಿಲಿಆಂಪ್. ಹೊಸ 45 ಆಂಪ್‌ಅವರ್ ಬ್ಯಾಟರಿ ಹಾಕಿಸಿದ್ದೇನೆ.

ಉಬ್ಬಿದ ಸೆಲ್ ಖಾಲಿ ಮಾಡಿ, ಎರಡೂ ಕಾಲಿಗೆ ವೈರ್ ಸುತ್ತಿ ಶಾರ್ಟ್ ಮಾಡಿ ಹೊರಗೆ ಇಟ್ಟಿದ್ದೇನೆ. ನಿನ್ನೆ ವೈರ್ ಸುತ್ತದೆ ಬಿಟ್ಟಿದ್ದಾಗ ಸೊನ್ನೆ ಇದ್ದದ್ದು ಬೆಳಿಗ್ಗೆ 0.3 ವೋಲ್ಟ್ ತೋರಿಸಿತು. ಒಳಗಿನ ಮೂಲೆಗಳಿಂದ ಚಾರ್ಜ್ ವಾಪಸ್ ಬಂದಿರಬೇಕು, ಸರ್ ಹೇಳಿದ್ದರ ಉಲ್ಟಾ. ಉಳಿದ ಐದಕ್ಕೆ ಜೊತೆಯಾಗುವ 437ರ ಒಂದು ಸೆಲ್ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಬಿಡಿ ಸೆಲ್ ಇದ್ದರೆ ಅಳೆದು ಅಂಕಿ ಹಾಕಿ.